ಶೀತಲಗೃಹದ ಉಡುಪು

ಮಂಗಳೂರಿನ ಕಡಲತಡಿಯಲ್ಲಿ ಹೊರಗೆ 30 ಡಿಗ್ರಿ ಸೆಲ್ಸಿಯಸ್ ಸೆಕೆ; ಹೆಪ್ಪುಗಟ್ಟಿಸಿದ ಮೀನನ್ನಿಡುವ ಶೀತಲಗೃಹದೊಳಗಾದರೋ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಅಲ್ಲಿ ಪೆಟ್ಟಿಗೆ ಹೊರುವವನ ಮೊದಲ ಶತ್ರು ಅವನ ಬೆವರೇ. ಹತ್ತಿಯ ಬನಿಯನು ಬೆವರನ್ನು ಹೀರಿ, ಒದ್ದೆಯಾಗಿಯೇ ಉಳಿದು, ಮೈಯ ಶಾಖವನ್ನು ಸೆಳೆಯುತ್ತದೆ. ಆದುದರಿಂದ ಒಳಗೆ ಬೆವರನ್ನು ಹೊರಸಾಗಿಸುವ ತೆಳುವಾದ ಪಾಲಿಯೆಸ್ಟರ್ ಅಂಗಿ, ಅದರ ಮೇಲೆ ಉಣ್ಣೆಯಂಗಿ, ಹೊರಗೆ ಗಾಳಿ ತಡೆಯುವ ದಪ್ಪ ಕೋಟು ಬೇಕು. ಇವು ಒಂದಕ್ಕಿಂತ ಒಂದು ಸಡಿಲವಾಗಿರಬೇಕು. ತೋಳೆತ್ತಿದಾಗ ಬಿಗಿದರೆ, ಶಾಖವನ್ನು ಕಾಯುವ ನಡುವಣ ಗಾಳಿ ಹಿಂಡಿಹೋಗುತ್ತದೆ, ಕೆಲಸವೂ ಸಾಗದು.

ಕೈಯ ಮಾತೇ ಬೇರೆ. ದಪ್ಪನೆಯ ಗವಸು ತೊಟ್ಟರೆ ಬೆರಳಿಗೆ ಪೆಟ್ಟಿಗೆಯ ಅಂಚು ತಿಳಿಯದು. ಜಾರೀತೆಂದು ಬಿಗಿಯಾಗಿ ಹಿಡಿದು ಮುಂಗೈ ಬೇಗನೆ ಸೋಲುತ್ತದೆ. ತೆಳುವಾಗಿ ಹೆಣೆದ ಒಳಗವಸು, ಅದರ ಮೇಲೆ ಒಂದು ಅಳತೆ ದೊಡ್ಡದಾದ ಹೊರಗವಸು ಲೇಸು. ಹೊರಗವಸಿನ ಅಂಗೈಗೆ ಚಳಿಯಲ್ಲಿ ಸೆಟೆಯದ ಒರಟು ರಬ್ಬರನ್ನು ಬಳಿದಿರಬೇಕು. ಚೀಟಿ ಬರೆಯಲು ಅದನ್ನು ಕಳಚಿದರೂ, ಬರಿಗೈ ತಣ್ಣನೆಯ ಲೋಹಕ್ಕೆ ತಗಲದಂತೆ ಒಳಗವಸು ಕಾಯುತ್ತದೆ.

ಹೊರಬಂದೊಡನೆ ಕೋಟನ್ನು ಬಿಚ್ಚಿ, ತೇವಗೊಂಡ ಒಳಗವಸನ್ನು ಬದಲಿಸಬೇಕು. ಇಲ್ಲವಾದರೆ ಮರಳಿ ಒಳಹೊಕ್ಕಾಗ ಆ ತೇವವೇ ಬೆರಳನ್ನು ಹೆಪ್ಪುಗಟ್ಟಿಸುತ್ತದೆ. ಬೆರಳ ತುದಿ ಬಿಳಿಚಿ ಮರಗಟ್ಟಿದರೆ, ಅದನ್ನು ಉಜ್ಜದೆ, ಕೂಡಲೇ ಹೊರಬರಬೇಕು.