ಮೈನಸ್ ಎಲ್ಲಿ ಬರುತ್ತೆ? ವರದಾ ನದಿಯ ರಾಡಿ ನೀರಲ್ಲಿ ಒಂದು ವರ್ಕ್‌ಶೀಟ್

ಕರ್ಜಗಿಯ ಎಂಟನೇ ಕ್ಲಾಸಿನ ಮಕ್ಕಳಿಗೆ ಅಂತ ನಾವು ಕೆಲವರು ಸೇರಿ ರಜೆಯಲ್ಲಿ ಒಂದು ವರ್ಕ್‌ಶೀಟ್ ಮಾಡಿದೆವು. ವಿಷಯ ಸೈಂಟಿಫಿಕ್ ನೊಟೇಶನ್, ಪುಸ್ತಕದ ಮಾತಲ್ಲಿ ಆದರ್ಶ ರೂಪ. ಒಂದು ಸಂಖ್ಯೆಯನ್ನು 1ರಿಂದ 10ರ ಒಳಗಿನ ಒಂದು ಸಂಖ್ಯೆ ಮತ್ತು 10ರ ಒಂದು ಘಾತ, ಇವೆರಡರ ಗುಣಲಬ್ಧವಾಗಿ ಬರೆಯೋದು. ದೊಡ್ಡ ಸಂಖ್ಯೆ ಇದ್ದಾಗ ಯಾರೂ ಎಡವಲ್ಲ. ತಪ್ಪು ಬರೋದು ಎರಡೇ ಜಾಗದಲ್ಲಿ: ತೀರಾ ಚಿಕ್ಕ ಸಂಖ್ಯೆಯನ್ನು ಬದಲಿಸುವಾಗ, ಮತ್ತು ಗುಣಾಕಾರ ಮುಗಿದ ಮೇಲೆ ಉತ್ತರವನ್ನು ಸರಿಯಾದ ರೂಪಕ್ಕೆ ತರುವಾಗ. ಎರಡೂ ಕಡೆ ಕೈ ಕೊಡೋದು ಘಾತಾಂಕದ ಚಿಹ್ನೆ. ಅದನ್ನು ಚೆಕ್ ಮಾಡೋದು ಹೇಗೆ ಅಂತ ಒಂದೇ ಉದಾಹರಣೆ ಹಿಡಿದು ನೋಡೋಣ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಮಳೆಗಾಲದಲ್ಲಿ ಕರ್ಜಗಿ ಹತ್ತಿರ ವರದಾ ನದಿ ರಾಡಿಯಾಗಿ ಹರಿಯುತ್ತೆ. ಆ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮರಳು ಕೂಡಲೇ ತಳಕ್ಕೆ ಕೂರುತ್ತೆ, ಆದರೆ ನೀರು ಮಾತ್ರ ಮರುದಿನವೂ ಪೂರ್ತಿ ತಿಳಿಯಾಗಲ್ಲ. ಕಾರಣ ಜೇಡಿಯ ಕಣ. ಎರೆಹೊಲದ ಮಣ್ಣಲ್ಲಿ ಜಾಸ್ತಿ ಇರೋದೂ ಇದೇ. ಸಿವಿಲ್‌ನವರ ಲೆಕ್ಕದಲ್ಲಿ 0.002 ಮಿಲಿಮೀಟರ್‌ಗಿಂತ ಸಣ್ಣ ಕಣಕ್ಕೆ ಜೇಡಿ ಅಂತಾರೆ. ಮೀಟರ್‌ನಲ್ಲಿ ಅದು 0.000002.

ಮೊದಲ ಭಾಗ: ಚಿಕ್ಕ ಸಂಖ್ಯೆ

0.000002ನ್ನು ಆದರ್ಶ ರೂಪದಲ್ಲಿ ಬರೆಯಿರಿ ಅಂದ್ರೆ ಸಾಮಾನ್ಯವಾಗಿ ಮೂರು ಉತ್ತರ ಬರುತ್ತವೆ: 2 × 10⁶, 2 × 10⁻⁵ ಮತ್ತು 2 × 10⁻⁶. ಮೂರನೆಯದು ಸರಿ. ಮೊದಲ ಎರಡು ಯಾಕೆ ಬರುತ್ತವೆ ಅಂತ ತಿಳ್ಕೊಂಡರೆ ಅರ್ಧ ಕೆಲಸ ಮುಗೀತು.

2 × 10⁻⁵ ಬರೋದು ಸೊನ್ನೆ ಎಣಿಸೋದರಿಂದ. ಬಿಂದುವಿನ ನಂತರ ಐದು ಸೊನ್ನೆ ಇವೆ, ಹಾಗಾಗಿ ಐದು ಅಂತ ಬರೆದುಬಿಡ್ತಾರೆ. ಆದರೆ ನಾವು ಎಣಿಸಬೇಕಾದ್ದು ಸೊನ್ನೆಗಳನ್ನಲ್ಲ, ಬಿಂದು ಎಷ್ಟು ಮನೆ ದಾಟಿತು ಅನ್ನೋದನ್ನು. ಬಿಂದು 2ರ ಬಲಕ್ಕೆ ಬಂದು ಕೂರಬೇಕಾದರೆ ಐದು ಸೊನ್ನೆಗಳ ಜೊತೆ ಆ 2ನ್ನೂ ದಾಟಬೇಕು. ಹಾಗಾಗಿ ಆರು.

2 × 10⁶ ಬರೋದು 'ಬಲಕ್ಕೆ ಹೋದರೆ ಪ್ಲಸ್, ಎಡಕ್ಕೆ ಹೋದರೆ ಮೈನಸ್' ಅಂತ ಸಂಖ್ಯಾರೇಖೆಯ ಅಭ್ಯಾಸದಲ್ಲಿ ಯೋಚಿಸೋದರಿಂದ. ಇಲ್ಲಿ ಆಗೋದು ಉಲ್ಟಾ. ಬಿಂದುವನ್ನು ಆರು ಮನೆ ಬಲಕ್ಕೆ ಸರಿಸಿದಾಗ ಸಂಖ್ಯೆಯನ್ನು ಹತ್ತು ಲಕ್ಷ ಪಟ್ಟು ದೊಡ್ಡದು ಮಾಡಿದಂಗಾಯ್ತು. ಬೆಲೆ ಮೊದಲಿನಷ್ಟೇ ಉಳೀಬೇಕಾದರೆ 10ರ ಘಾತ ಅಷ್ಟೇ ಪಟ್ಟು ಚಿಕ್ಕದಾಗಬೇಕು. ಅದಕ್ಕೇ −6.

ಎಡ, ಬಲ ನೆನಪಿಡೋಕೆ ಆಗದಿದ್ದರೂ ಚಿಂತೆ ಇಲ್ಲ. ಉತ್ತರ ಬರೆದ ಮೇಲೆ ಒಂದೇ ಪ್ರಶ್ನೆ ಕೇಳಿ: ಕೊಟ್ಟ ಸಂಖ್ಯೆ 1ಕ್ಕಿಂತ ಚಿಕ್ಕದಾ? ಹೌದಾದರೆ ಘಾತಾಂಕ ಮೈನಸ್ ಇರಲೇಬೇಕು. 2 × 10⁶ ಮೀಟರ್ ಅಂದ್ರೆ 2000 ಕಿಲೋಮೀಟರ್, ಅಷ್ಟು ದೊಡ್ಡ ಮಣ್ಣಿನ ಕಣ ಎಲ್ಲೂ ಇಲ್ಲ. ಇನ್ನೊಂದು ಮಾತು, ಘಾತಾಂಕ ಮೈನಸ್ ಇದ್ದರೆ ಸಂಖ್ಯೆ ಮೈನಸ್ ಅಂತ ಅಲ್ಲ. 2 × 10⁻⁶ ಸೊನ್ನೆಗಿಂತ ದೊಡ್ಡದೇ, ಆದರೆ ಸೊನ್ನೆಗೆ ತುಂಬಾ ಹತ್ತಿರ.

ಎರಡನೇ ಭಾಗ: ಗುಣಾಕಾರ

ಈ ಕಣ ನೀರಲ್ಲಿ ಎಷ್ಟು ವೇಗದಲ್ಲಿ ಕೆಳಗಿಳಿಯುತ್ತೆ? ಸ್ಟೋಕ್ಸ್ ನಿಯಮದ ಪ್ರಕಾರ, 20 ಡಿಗ್ರಿ ನೀರಲ್ಲಿ, ಸುಮಾರು 3.6 × 10⁻⁶ ಮೀಟರ್ ಪ್ರತಿ ಸೆಕೆಂಡಿಗೆ. ಒಂದು ದಿನಕ್ಕೆ 86,400 ಸೆಕೆಂಡು, ಅಂದರೆ 8.64 × 10⁴. ಹಂಗಾದ್ರೆ ಒಂದು ದಿನದಲ್ಲಿ ಕಣ ಇಳಿಯುವ ದೂರ:

(3.6 × 10⁻⁶) × (8.64 × 10⁴)

ಮೊದಲು ಮುಂದಿನ ಸಂಖ್ಯೆಗಳನ್ನು ಗುಣಿಸಿ: 3.6 × 8.64 = 31.1. ಆಮೇಲೆ ಘಾತಾಂಕಗಳನ್ನು ಕೂಡಿಸಿ: −6 + 4 = −2. ಬಂದದ್ದು 31.1 × 10⁻².

ಇಲ್ಲಿಗೆ ಬೆಲೆ ಸರಿ ಇದೆ, ರೂಪ ಸರಿ ಇಲ್ಲ. 31.1 ಅನ್ನೋದು 10ಕ್ಕಿಂತ ದೊಡ್ಡದು. ಅದನ್ನು 3.11 ಮಾಡಬೇಕು. ಈಗ ಘಾತಾಂಕ −1 ಆಗುತ್ತಾ, −3 ಆಗುತ್ತಾ? ಜಾಸ್ತಿ ಮಾರ್ಕ್ಸ್ ಹೋಗೋದು ಇದೇ ಹೆಜ್ಜೆಯಲ್ಲಿ. ಬಿಂದು ಒಂದು ಮನೆ ಸರಿಯಿತು ಅಂತ −2ಕ್ಕೆ ಇನ್ನೊಂದು ಮೈನಸ್ ಸೇರಿಸಿ −3 ಬರೆಯೋದು ಸುಲಭ. ಆದರೆ ತಕ್ಕಡಿ ನೆನಪಿಸ್ಕೊಳ್ಳಿ. 31.1ನ್ನು 3.11 ಮಾಡಿದಾಗ ಒಂದು ತಟ್ಟೆಯಿಂದ ಹತ್ತು ಪಟ್ಟು ತೆಗೆದೆವು. ಅದನ್ನು ಇನ್ನೊಂದು ತಟ್ಟೆಗೆ ಹಾಕಬೇಕು, ಅಂದರೆ ಘಾತಾಂಕ ಒಂದು ಹೆಚ್ಚಬೇಕು. −2ಕ್ಕೆ ಒಂದು ಕೂಡಿಸಿದರೆ −1. ಉತ್ತರ 3.11 × 10⁻¹ ಮೀಟರ್, ಸುಮಾರು 31 ಸೆಂಟಿಮೀಟರ್. ಒಂದು ಕೊಡದ ಎತ್ತರದಷ್ಟು ದೂರಕ್ಕೆ ಪೂರ್ತಿ ಒಂದು ದಿನ!

ತಪ್ಪು ಉತ್ತರಗಳನ್ನೂ ಒಮ್ಮೆ ನೋಡೋಣ. ಘಾತಾಂಕ ಕೂಡಿಸುವಾಗ ಚಿಹ್ನೆ ಬಿಟ್ಟು +2 ಬರೆದರೆ, ಕಣ ದಿನಕ್ಕೆ 3 ಕಿಲೋಮೀಟರ್‌ಗೂ ಜಾಸ್ತಿ ಇಳಿದಂಗಾಯ್ತು. −10 ಬರೆದರೆ ಇಡೀ ದಿನದಲ್ಲಿ ಕಣ ತನ್ನ ಅಗಲದಷ್ಟೂ ಕದಲಿಲ್ಲ ಅಂತ ಆಗುತ್ತೆ. ಇವೆರಡೂ ನೋಡಿದ ಕೂಡಲೇ ಸಿಕ್ಕಿಬೀಳುತ್ತವೆ.

ಆದರೆ 3.11 × 10⁻³ ಹಾಗಲ್ಲ. ಅದು ದಿನಕ್ಕೆ 3 ಮಿಲಿಮೀಟರ್. ಓದೋಕೆ ಚೆನ್ನಾಗೇ ಕಾಣುತ್ತೆ, ಮೈನಸ್ ಕೂಡ ಇದೆ, ಹಾಗಾಗಿ '1ಕ್ಕಿಂತ ಚಿಕ್ಕದಾ' ಅನ್ನುವ ಪ್ರಶ್ನೆಗೂ ಸಿಗಲ್ಲ. ಅಷ್ಟೇ ಅಲ್ಲ, 0.2 ಮೈಕ್ರೋಮೀಟರ್ ಕಣಕ್ಕೆ ಅದೇ ಸರಿ ಉತ್ತರ! ಯಾಕಂದ್ರೆ ವೇಗ ವ್ಯಾಸದ ವರ್ಗದಂತೆ ಬದಲಾಗುತ್ತೆ. ವ್ಯಾಸ ಹತ್ತನೇ ಒಂದು ಭಾಗ ಆದರೆ ವೇಗ ನೂರನೇ ಒಂದು ಭಾಗ. ರಾಡಿ ನೀರು ಎರಡು ದಿನವಾದರೂ ತಿಳಿಯಾಗದೇ ಇರೋದು ಇಂಥ ಇನ್ನೂ ಸಣ್ಣ ಕಣಗಳಿಂದ.

ಇಂಥ ತಪ್ಪು ಹಿಡಿಯೋಕೆ ಬೇರೆ ದಾರಿಯಿಂದ ಲೆಕ್ಕ ಮಾಡಬೇಕು. ಒಂದು, ಘಾತ ಬಿಡಿಸಿ ಬರೆಯೋದು: 31.1 × 10⁻² ಅಂದರೆ 31.1 ÷ 100 = 0.311. ಇದನ್ನು ಮತ್ತೆ ಮೊದಲ ಭಾಗದ ರೀತಿ ಬದಲಿಸಿದರೆ ಬಿಂದು ಒಂದೇ ಮನೆ ದಾಟುತ್ತೆ, −1. ಎರಡು, ಗೊತ್ತಿರುವ ಅಳತೆಗೆ ಹೋಲಿಸೋದು. ಮಣ್ಣಿನ ಲ್ಯಾಬ್‌ನ ಪಿಪೆಟ್ ವಿಧಾನದಲ್ಲಿ 10 ಸೆಂಟಿಮೀಟರ್ ಆಳದಿಂದ ಜೇಡಿಯ ಸ್ಯಾಂಪಲ್ ತೆಗೆಯೋದು ಸುಮಾರು 8 ಗಂಟೆ ಕಾದ ಮೇಲೆ. 8 ಗಂಟೆಗೆ 10 ಆದರೆ 24 ಗಂಟೆಗೆ 30 ಸೆಂಟಿಮೀಟರ್. ನಮ್ಮ 31ಕ್ಕೆ ತಾಳೆಯಾಯ್ತು.

ಕ್ಯಾಲ್ಕ್ಯುಲೇಟರ್ ಬಳಸುವವರಿಗೆ ಒಂದು ಎಚ್ಚರಿಕೆ. EXP ಬಟನ್‌ನಲ್ಲಿ '× 10ರ ಘಾತ' ಅನ್ನೋದು ಆಗಲೇ ಸೇರಿದೆ. 10⁻⁶ ಬೇಕಾದಾಗ 10 EXP −6 ಒತ್ತಿದರೆ ಬರೋದು 10⁻⁵. ಒತ್ತಬೇಕಾದ್ದು 1 EXP −6.

ನೀವೇ ಮಾಡಿ ನೋಡ್ರಿ

1. 0.000075 ಮೀಟರ್ (ಸಣ್ಣ ಮರಳು ಶುರುವಾಗುವ ಅಳತೆ) ಆದರ್ಶ ರೂಪದಲ್ಲಿ ಬರೆಯಿರಿ.
2. (4 × 10⁻⁷) × (5 × 10⁻³) ಎಷ್ಟು?
3. 0.35 × 10⁻⁶ ಸರಿಯಾದ ರೂಪಕ್ಕೆ ತನ್ನಿ.

ಉತ್ತರ: 1) 7.5 × 10⁻⁵. 2) 20 × 10⁻¹⁰, ಅಂದರೆ 2 × 10⁻⁹. 3) 3.5 × 10⁻⁷. ಮೂರನೆಯದರಲ್ಲಿ ಮುಂದಿನ ಸಂಖ್ಯೆ ಹತ್ತು ಪಟ್ಟು ಹೆಚ್ಚಿತು, ಹಾಗಾಗಿ ಘಾತಾಂಕ ಒಂದು ಇಳಿಯಿತು. ಎರಡನೆಯದಕ್ಕೂ ಇದಕ್ಕೂ ತಕ್ಕಡಿ ಉಲ್ಟಾ ವಾಲಿದೆ. ಎರಡನ್ನೂ ಅಕ್ಕಪಕ್ಕ ಬರೆದು ನೋಡಿದರೆ ಇದು ಚೆನ್ನಾಗಿ ಕಾಣುತ್ತೆ.