ದರಪಟ್ಟಿ ಕರೆಯದೆ ಕೊಂಡ ಯಂತ್ರ: ಸಮರ್ಥನಾ ಟಿಪ್ಪಣಿಯನ್ನು ಓದುವ ಬಗೆ

ಕಳೆದ ಮಹಾಸಭೆಯಲ್ಲಿ ಲೆಕ್ಕಪರಿಶೋಧನಾ ವರದಿಯನ್ನು ಓದುತ್ತಿದ್ದಾಗ ಒಂದು ಸಾಲಿಗೆ ಬಂದಕೂಡಲೆ ಹಿರಿಯ ಸದಸ್ಯರೊಬ್ಬರು ಎದ್ದುನಿಂತರು. "ಪ್ರಯೋಗಾಲಯದ ಉಪಕರಣವೊಂದನ್ನು ಸ್ಪರ್ಧಾತ್ಮಕ ದರಪಟ್ಟಿ ಆಹ್ವಾನಿಸದೆ ಖರೀದಿಸಲಾಗಿದೆ, ಸಮರ್ಥನಾ ಟಿಪ್ಪಣಿ ಕಡತದಲ್ಲಿದೆ" ಎಂಬುದೇ ಆ ಸಾಲು. "ಅಲ್ಲ ಸ್ವಾಮಿ, ಖಾಲಿ ಗೋಣಿಚೀಲ ಮಾರುವುದಕ್ಕೂ ಮೂರು ಕೊಟೇಶನ್ ಕೇಳುವ ಸಂಘ, ಒಂಬತ್ತು ಲಕ್ಷದ ಯಂತ್ರಕ್ಕೆ ಒಂದೇ ಅಂಗಡಿಗೆ ಹೋದದ್ದು ಹೇಗೆ?" ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಊಟದ ಹೊತ್ತಾಗಿದ್ದರಿಂದ ಅಂದು ಕೊಟ್ಟ ಉತ್ತರ ಚುಟುಕಾಯಿತು. ಪೂರ್ಣ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇವೆ. ಮುಂದೆ ಇಂಥ ಟಿಪ್ಪಣಿ ಸದಸ್ಯರ ಕೈಗೆ ಬಂದಾಗ ಅದರಲ್ಲಿ ಕಾಳೆಷ್ಟು ಜೊಳ್ಳೆಷ್ಟು ಎಂದು ನೋಡುವುದಕ್ಕೂ ಇದು ಉಪಯೋಗವಾದೀತು.

ಮೊದಲು ಯಂತ್ರದ ವಿಷಯ. ಚೆರಿ ಕಾಫಿಯನ್ನು ಕಣದಲ್ಲಿ ದಪ್ಪಗೆ ಹರವಿ, ಅಕಾಲ ಮಳೆಗೆ ಸಿಕ್ಕಿ, ಹಸಿಯಾಗಿಯೇ ರಾಶಿ ಮಾಡಿದರೆ ಬೂಷ್ಟು ಹಿಡಿಯುವುದು ನಮಗೆಲ್ಲ ಗೊತ್ತು. ಕೆಲವು ಜಾತಿಯ ಬೂಷ್ಟು ಓಕ್ರಟಾಕ್ಸಿನ್ ಎ ಎಂಬ ವಿಷವನ್ನು ಬೀಜದಲ್ಲಿ ಬಿಡುತ್ತದೆ. ಹುರಿದ ಕಾಫಿಯಲ್ಲಿ ಇದು ಕಿಲೋಗೆ 5 ಮೈಕ್ರೊಗ್ರಾಮ್ ಮೀರಬಾರದೆಂದು ಐರೋಪ್ಯ ಒಕ್ಕೂಟ ಇಟ್ಟಿದ್ದ ಮಿತಿಯು 2023ರ ಜನವರಿಯಿಂದ 3 ಮೈಕ್ರೊಗ್ರಾಮ್‌ಗೆ ಇಳಿಯಿತು. ಮಿತಿ ಹುರಿದ ಪುಡಿಗಾದರೂ, ಕೊಳ್ಳುವವರು ಹಸಿ ಬೀಜದಲ್ಲಿಯೇ ಪರೀಕ್ಷೆಯ ವರದಿ ಕೇಳತೊಡಗಿದರು.

ನಮ್ಮ ಪ್ರಯೋಗಾಲಯದಲ್ಲಿ ಆರು ವರ್ಷಗಳ ಹಿಂದೆ ದರಪಟ್ಟಿ ಕರೆದೇ ಕೊಂಡ ಎಚ್.ಪಿ.ಎಲ್.ಸಿ. ಯಂತ್ರವಿದೆ. ಇದು ಕಾಫಿಯ ಸಾರವನ್ನು ಒತ್ತಡದಿಂದ ಸಣ್ಣ ಕೊಳವೆಯೊಂದರ ಮೂಲಕ ಹಾಯಿಸುತ್ತದೆ. ಅಂಶಗಳು ಒಂದೊಂದಾಗಿ ಹೊರಬರುತ್ತವೆ. ಕೊನೆಯಲ್ಲಿ ಕುಳಿತ ಡಿಟೆಕ್ಟರ್ ಅವುಗಳನ್ನು ಗುರುತಿಸುತ್ತದೆ. ನಮ್ಮಲ್ಲಿದ್ದ ಅತಿನೇರಳೆ ಬೆಳಕಿನ ಡಿಟೆಕ್ಟರ್ ಕೆಫೀನ್ ಅಳೆಯಲು ಧಾರಾಳ ಸಾಕು. ಆದರೆ ಕಿಲೋದಲ್ಲಿ ಗ್ರಾಮಿನ ಹತ್ತು ಲಕ್ಷದ ಮೂರು ಭಾಗ ಮಾತ್ರ ಇರುವ ವಿಷವನ್ನು ಕಾಫಿಯ ನೂರಾರು ಅಂಶಗಳ ನಡುವೆ ಹೆಕ್ಕುವುದು ಅದರ ಕೈಲಿ ಆಗದು. ಈ ವಿಷಕ್ಕೆ ಒಂದು ಗುಣವಿದೆ. 333 ನ್ಯಾನೊಮೀಟರ್ ಬೆಳಕು ಬಿದ್ದರೆ ಅದು ಸುಮಾರು 460 ನ್ಯಾನೊಮೀಟರಿನ ಬೆಳಕನ್ನು ತಾನೇ ಸೂಸುತ್ತದೆ. ಈ ಹೊಳಪನ್ನು ಹಿಡಿಯುವುದೇ ಫ್ಲೋರೆಸೆನ್ಸ್ ಡಿಟೆಕ್ಟರ್. ನಾವು ಕೊಂಡದ್ದು ಅದನ್ನು.

ಈಗ ಟಿಪ್ಪಣಿಗೆ ಬರೋಣ. ಮೊದಲು ತಯಾರಾದ ಟಿಪ್ಪಣಿ ನಾಲ್ಕು ಸಾಲಿನದು. "ಸದರಿ ಕಂಪನಿ ಜಗತ್ಪ್ರಸಿದ್ಧವಾದುದು, ಉಪಕರಣ ಉತ್ಕೃಷ್ಟ ಗುಣಮಟ್ಟದ್ದು, ಸೇವೆ ತೃಪ್ತಿಕರ, ಆದುದರಿಂದ ಅವರಿಂದಲೇ ಖರೀದಿಸಬಹುದು" ಎಂದಿತ್ತು. ಬೆಲೆ ಎಲ್ಲ ಸೇರಿ 13 ಲಕ್ಷ 60 ಸಾವಿರ ರೂಪಾಯಿ. ಆಡಳಿತ ಮಂಡಳಿ ಇದನ್ನು ಹಿಂದಕ್ಕೆ ಕಳಿಸಿತು. ಒಂದು ವಸ್ತು ಒಳ್ಳೆಯದು ಎಂಬುದು ಬೇರೆ ಕಡೆ ವಿಚಾರಿಸದಿರಲು ಕಾರಣವಾಗುವುದಿಲ್ಲ. ಒಳ್ಳೆಯದಾದರೆ ಸ್ಪರ್ಧೆಯಲ್ಲಿಯೂ ಗೆದ್ದೀತು. ಟಿಪ್ಪಣಿ ತೋರಿಸಬೇಕಾದದ್ದು, ಬೇರೆ ಯಾರ ವಸ್ತುವಿನಿಂದಲೂ ನಮ್ಮ ಕೆಲಸ ಏಕೆ ನಡೆಯದು ಎಂಬುದನ್ನು.

ಸರ್ಕಾರಿ ಕಚೇರಿಗಳಿಗೆ ಇದರ ಬಗ್ಗೆ ಖಚಿತ ನಿಯಮವಿದೆ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 166ನೆಯದು ಮೂರು ಸಂದರ್ಭಗಳನ್ನು ಮಾತ್ರ ಒಪ್ಪುತ್ತದೆ. ಆ ವಸ್ತುವನ್ನು ತಯಾರಿಸುವವರು ಒಬ್ಬರೇ ಆಗಿರಬೇಕು. ಇಲ್ಲವೆ ತುರ್ತು ಇರಬೇಕು. ಇಲ್ಲವೆ ಈಗಾಗಲೇ ಇರುವ ಯಂತ್ರಕ್ಕೆ ಹೊಂದುವ ಭಾಗ ಬೇಕಾಗಿದ್ದು, ತಜ್ಞರ ಸಲಹೆ ಇರಬೇಕು. ನಮ್ಮ ರಾಜ್ಯದ 1999ರ ಸಾರ್ವಜನಿಕ ಸಂಗ್ರಹಣೆಗಳ ಪಾರದರ್ಶಕತೆ ಅಧಿನಿಯಮವು, ಒಂದೇ ಮೂಲವೆಂದು ನಿರ್ಧರಿಸುವುದನ್ನು ಮೂವರು ತಜ್ಞರ ಸಮಿತಿಗೆ ಬಿಟ್ಟಿದೆ. ನಮ್ಮ ಸಂಘ ನಡೆಯುವುದು ನಮ್ಮ ಉಪವಿಧಿ ಮತ್ತು ಖರೀದಿ ನಿಯಮಗಳ ಮೇಲೆ. ಆದರೂ ಅಳತೆಗೋಲು ಒಳ್ಳೆಯದಾದ್ದರಿಂದ ಅದನ್ನೇ ಎರವಲು ತಂದೆವು.

ಮೂರರಲ್ಲಿ ನಮಗೆ ಅನ್ವಯಿಸುವುದು ಯಾವುದು? ಮೊದಲನೆಯದಲ್ಲ. ಫ್ಲೋರೆಸೆನ್ಸ್ ಡಿಟೆಕ್ಟರನ್ನು ಹಲವು ಕಂಪನಿಗಳು ಮಾಡುತ್ತವೆ. ಕಡತದಲ್ಲಿ "ಈ ಉಪಕರಣಕ್ಕೆ ನಾವೇ ಏಕೈಕ ವಿತರಕರು" ಎಂಬ ವ್ಯಾಪಾರಿಯ ಪತ್ರ ಇತ್ತು. ಇಲ್ಲಿ ಸದಸ್ಯರು ಎಚ್ಚರವಿರಬೇಕು. ಏಕೈಕ ವಿತರಕ ಬೇರೆ, ಏಕೈಕ ತಯಾರಕ ಬೇರೆ. ಒಂದು ಕಂಪನಿಯ ಸ್ಕೂಟರಿಗೆ ತಾಲ್ಲೂಕಿನಲ್ಲಿ ಒಬ್ಬನೇ ಡೀಲರ್ ಇದ್ದ ಮಾತ್ರಕ್ಕೆ ಲೋಕದಲ್ಲಿ ಬೇರೆ ಸ್ಕೂಟರ್ ಇಲ್ಲವೆಂದಾಗುತ್ತದೆಯೆ? ಇಂಥ ಪತ್ರ ಅನೇಕ ಕಡತಗಳಲ್ಲಿ ಸಾಕ್ಷಿಯಂತೆ ಕೂತಿರುತ್ತದೆ. ಮಾರುವವನು ತನ್ನ ಬಗ್ಗೆ ತಾನೇ ಬರೆದುಕೊಂಡದ್ದಕ್ಕಿಂತ ಹೆಚ್ಚಿನ ಬೆಲೆ ಅದಕ್ಕಿಲ್ಲ.

ಎರಡನೆಯದೂ ಅಲ್ಲ. ಮಾರ್ಚ್ ಮುಗಿಯುವುದರೊಳಗೆ ಹಣ ಖರ್ಚಾಗಬೇಕೆಂಬುದು ತುರ್ತು ಅಲ್ಲ, ನಾವೇ ಮಾಡಿಕೊಂಡ ತಡ. ಉಳಿದದ್ದು ಮೂರನೆಯದು. ಅದನ್ನು ತೋಟದ ಭಾಷೆಯಲ್ಲಿ ಹೇಳುವುದಾದರೆ ಪಲ್ಪರ್‌ನ ಉದಾಹರಣೆ ಸಾಕು. ಇರುವ ಪಲ್ಪರ್‌ಗೆ ಡಿಸ್ಕ್ ಸವೆದರೆ ಅದೇ ಕಂಪನಿಯ, ಅದೇ ಅಳತೆಯ ಡಿಸ್ಕ್ ತರುತ್ತೇವೆ; ಅದಕ್ಕೆ ಕೊಟೇಶನ್ ಕೇಳುವುದಿಲ್ಲ. ಆದರೆ ಅದೇ ಪಲ್ಪರ್‌ನ ಮೋಟಾರು, ಬೆಲ್ಟು ಯಾವ ಅಂಗಡಿಯದಾದರೂ ನಡೆಯುತ್ತದೆ.

ಈ ಕಣ್ಣಿನಿಂದ ನೋಡಿದಾಗ 13 ಲಕ್ಷ 60 ಸಾವಿರದ ಬೇಡಿಕೆ ಎರಡು ಹೋಳಾಯಿತು. ಡಿಟೆಕ್ಟರ್ ಒಂದೇ ಡಿಸ್ಕಿನಂಥದು, ಅದರ ಬೆಲೆ 9 ಲಕ್ಷ. ಉಳಿದ 4 ಲಕ್ಷ 60 ಸಾವಿರದಲ್ಲಿ ಕಂಪ್ಯೂಟರು, ಯು.ಪಿ.ಎಸ್., ಮಾದರಿಯನ್ನು ಶುದ್ಧಮಾಡುವ ಇಮ್ಯುನೊ ಅಫಿನಿಟಿ ಕೊಳವೆಗಳು, ಗಾಜಿನ ಸಾಮಾನು ಎಲ್ಲ ಸೇರಿದ್ದವು. ಇವೆಲ್ಲ ಬೆಲ್ಟು, ಮೋಟಾರಿನ ಜಾತಿ. ಒಂದೇ ಬಿಲ್ಲಿನಲ್ಲಿ ಬರಲೆಂದು ಡಿಟೆಕ್ಟರಿನ ಬೆನ್ನೇರಿ ಕುಳಿತಿದ್ದವು, ಅಷ್ಟೆ. ಅವುಗಳನ್ನು ಬಿಡಿಸಿ ದರಪಟ್ಟಿ ಕರೆದೆವು. 3 ಲಕ್ಷ 70 ಸಾವಿರಕ್ಕೆ ಬಂದವು. ಏಕಮೂಲ ಖರೀದಿಯಲ್ಲಿ ಹಣ ಸೋರುವುದು ಬಹುಪಾಲು ಹೀಗೆಯೇ. ಮುಖ್ಯ ವಸ್ತುವಿಗೆ ಕಾರಣ ನಿಜವಾಗಿರುತ್ತದೆ, ಜೊತೆಗೆ ಬಂದ ಸಾಮಾನಿಗೆ ಕಾರಣವೇ ಇರುವುದಿಲ್ಲ.

ಡಿಟೆಕ್ಟರಿನ ವಿಷಯದಲ್ಲಿಯೂ ನಮ್ಮ ಮಾತನ್ನೇ ನಂಬಿ ಕೂರಲಿಲ್ಲ. ಹಲವು ಸರ್ಕಾರಿ ಸಂಶೋಧನಾ ಸಂಸ್ಥೆಗಳು ಮಾಡುವಂತೆ, "ಇಂಥ ಉಪಕರಣವನ್ನು ಇಂಥ ಕಾರಣದಿಂದ ಒಂದೇ ಕಂಪನಿಯಿಂದ ಕೊಳ್ಳಲು ಯೋಚಿಸಿದ್ದೇವೆ, ಆಕ್ಷೇಪಣೆ ಇದ್ದವರು 15 ದಿನಗಳಲ್ಲಿ ತಿಳಿಸಿ" ಎಂದು ಪ್ರಕಟಣೆ ಹೊರಡಿಸಿದೆವು. ಹದಿಮೂರನೆಯ ದಿನ ಬೇರೊಂದು ಕಂಪನಿಯ ಪತ್ರ ಬಂತು. ತಮ್ಮ ಡಿಟೆಕ್ಟರನ್ನೂ ನಿಮ್ಮ ಯಂತ್ರಕ್ಕೆ ಕೂಡಿಸಬಹುದು, ನಡುವೆ ಸಂಕೇತ ಪರಿವರ್ತಿಸುವ ಪೆಟ್ಟಿಗೆಯೊಂದನ್ನು ಹಾಕಿದರಾಯಿತು, ಒಟ್ಟು 7 ಲಕ್ಷ 80 ಸಾವಿರ ಎಂದು ಬರೆದಿದ್ದರು. ಅಂದರೆ "ಬೇರೆ ಯಾವುದೂ ಹೊಂದುವುದಿಲ್ಲ" ಎಂದು ನಾವು ಬರೆದಿದ್ದ ಎರಡನೆಯ ಕರಡೂ ಸುಳ್ಳಾಗಿತ್ತು!

ಅವರಿಗೆ ಲಿಖಿತವಾಗಿ ಒಂದೇ ಪ್ರಶ್ನೆ ಕೇಳಿದೆವು. ಬೆಳಕಿನ ಅಳತೆ, ಸಂವೇದನೆಯ ಮಟ್ಟ, ದೀಪ ಉರಿದ ಗಂಟೆ, ಇವು ನಮ್ಮ ಈಗಿನ ತಂತ್ರಾಂಶದಲ್ಲಿ ಪ್ರತಿ ಪರೀಕ್ಷೆಯ ದಾಖಲೆಯೊಡನೆ ತಾವಾಗಿ ಸೇರುತ್ತವೆಯೆ? ಇಲ್ಲ, ಸಂಕೇತ ಮಾತ್ರ ಬರುತ್ತದೆ, ಉಳಿದದ್ದನ್ನು ಡಿಟೆಕ್ಟರಿನ ಮುಖದ ಗುಂಡಿಗಳಲ್ಲಿ ಇಟ್ಟು ಪುಸ್ತಕದಲ್ಲಿ ಬರೆದುಕೊಳ್ಳಬೇಕು ಎಂದು ಪ್ರಾಮಾಣಿಕವಾಗಿಯೇ ಉತ್ತರಿಸಿದರು. ನಮ್ಮ ಪ್ರಯೋಗಾಲಯದಲ್ಲಿ ಇರುವವರು ಇಬ್ಬರು. ಸುಗ್ಗಿಯಲ್ಲಿ ಮಾದರಿಗಳು ಸಾಲುಗಟ್ಟಿ ಬಂದಾಗ ಒಂದು ದಿನ ಗುಂಡಿ ತಪ್ಪಿದರೆ ಅಂದಿನ ವರದಿಗಳೆಲ್ಲ ತಪ್ಪು. ಮಾರನೆಯ ದಿನ ಯಾವ ಮಟ್ಟದಲ್ಲಿ ಅಳೆದೆವೆಂದು ತೋರಿಸಲು ಕೈಬರಹದ ಪುಸ್ತಕ ಬಿಟ್ಟು ಬೇರೆ ದಾಖಲೆಯಿಲ್ಲ. ಅದಲ್ಲದೆ ರೇಖೆ ಅಲುಗಾಡಿದಾಗ ದೋಷ ಪಂಪಿನದೋ ಡಿಟೆಕ್ಟರಿನದೋ ಎಂದು ಎರಡು ಕಂಪನಿಗಳ ಮೆಕ್ಯಾನಿಕರು ಒಬ್ಬರ ಮೇಲೊಬ್ಬರು ಹಾಕುವುದನ್ನು ಬೋರ್‌ವೆಲ್ ಇಟ್ಟವರಿಗೆ ನಾವು ವಿವರಿಸಬೇಕಿಲ್ಲ.

ಹೀಗಾಗಿ ಕೊನೆಯ ಟಿಪ್ಪಣಿಯ ಮುಖ್ಯ ಭಾಗ ಈ ರೀತಿ ಆಯಿತು: "ಬೇರೆ ತಯಾರಕರ ಡಿಟೆಕ್ಟರನ್ನು ಜೋಡಿಸುವುದು ಅಸಾಧ್ಯವಲ್ಲ. ಅಂಥ ಪ್ರಸ್ತಾಪವೊಂದು 1 ಲಕ್ಷ 20 ಸಾವಿರ ಕಡಿಮೆ ಬೆಲೆಗೆ ಬಂದಿದೆ. ಆದರೆ ಅದರ ಹೊಂದಾಣಿಕೆಗಳು ಈಗಿನ ತಂತ್ರಾಂಶದಲ್ಲಿ ದಾಖಲಾಗುವುದಿಲ್ಲವೆಂದು ಅವರೇ ತಿಳಿಸಿದ್ದಾರೆ. ಇಬ್ಬರು ಸಿಬ್ಬಂದಿಯ ಪ್ರಯೋಗಾಲಯದಲ್ಲಿ ಕೈದಾಖಲೆಯನ್ನು ನಂಬಿ ರಫ್ತಿನ ವರದಿ ಕೊಡುವುದು ಸೂಕ್ತವಲ್ಲವೆಂದು ಹೊರಗಿನ ತಜ್ಞರು ಅಭಿಪ್ರಾಯಪಟ್ಟಿದ್ದಾರೆ. ಈ ಕಾರಣಕ್ಕೆ ಮಾತ್ರ, ಡಿಟೆಕ್ಟರ್ ಒಂದಕ್ಕೆ ಮಾತ್ರ, ದರಪಟ್ಟಿ ಕರೆಯದೆ ಖರೀದಿಸಲು ಮಂಜೂರಾತಿ ಕೋರಿದೆ." ಒಬ್ಬ ನಿರ್ದೇಶಕರು, ಉಳಿಯುವ ಹಣದಲ್ಲಿ ಇನ್ನೊಂದು ಕೈಯನ್ನು ಹಂಗಾಮಿಗೆ ಇಟ್ಟುಕೊಳ್ಳಬಹುದಿತ್ತು ಎಂದು ಭಿನ್ನಾಭಿಪ್ರಾಯ ಬರೆಸಿದರು. ಅದೂ ನಡವಳಿ ಪುಸ್ತಕದಲ್ಲಿದೆ, ತಳ್ಳಿಹಾಕುವ ಮಾತೂ ಅಲ್ಲ.

ಸ್ಪರ್ಧೆಯಿಲ್ಲದಿರುವಲ್ಲಿ ಬೆಲೆ ಸರಿಯೆಂದು ತಿಳಿಯುವುದು ಹೇಗೆ? ಅದೇ ಮಾದರಿಯನ್ನು ಹಿಂದಿನ ಎರಡು ವರ್ಷಗಳಲ್ಲಿ ಸರ್ಕಾರಿ ಮತ್ತು ವಿಶ್ವವಿದ್ಯಾನಿಲಯದ ಪ್ರಯೋಗಾಲಯಗಳಿಗೆ ಮಾರಿದ ಆದೇಶಗಳ ಪ್ರತಿ ಕೇಳಿ ತಾಳೆ ನೋಡಿದೆವು; ಇದಕ್ಕಿಂತ ಕಡಿಮೆಗೆ ಯಾರಿಗೂ ಕೊಟ್ಟಿಲ್ಲವೆಂದು ಬರೆಸಿಕೊಂಡೆವು. ಇನ್ನೊಂದು ಮುಖ್ಯ. ಈ ಡಿಟೆಕ್ಟರಿನೊಳಗಿನ ಝೆನಾನ್ ದೀಪ ಗಂಟೆಗಳ ಲೆಕ್ಕದಲ್ಲಿ ಸವೆಯುತ್ತದೆ. ಯಂತ್ರ ನಮ್ಮ ಮೇಜಿಗೆ ಬಂದಮೇಲೆ ದೀಪಕ್ಕೆ ಅವರು ಹೇಳಿದ್ದೇ ಬೆಲೆ. ಆದ್ದರಿಂದ ಐದು ವರ್ಷಗಳ ದೀಪದ ದರ ಮತ್ತು ವಾರ್ಷಿಕ ನಿರ್ವಹಣೆಯ ದರವನ್ನು ಆದೇಶ ಕೊಡುವ ಮೊದಲೇ ನಿಗದಿ ಮಾಡಿಸಿದೆವು.

ಮುಂದೆ ಇಂಥ ಟಿಪ್ಪಣಿ ಓದುವಾಗ ಮೊದಲು ತಾರೀಖು ನೋಡಿ. ಖರೀದಿ ಆದೇಶದ ನಂತರದ ದಿನಾಂಕವಿದ್ದರೆ ಅದು ಸಮರ್ಥನೆಯಲ್ಲ, ತೇಪೆ. ಬಳಿಕ ತಾಂತ್ರಿಕ ವಿವರ ನೋಡಿ. ಕೆಲಸಕ್ಕೆ ಸಂಬಂಧವೇ ಇಲ್ಲದ ಪೆಟ್ಟಿಗೆಯ ಉದ್ದ ಅಗಲ ತೂಕಗಳೂ ಅದರಲ್ಲಿ ಕಂಡರೆ, ಕಂಪನಿಯ ಕೈಪಿಡಿಯಿಂದ ಇಳಿಸಿದ್ದಾರೆಂದು ತಿಳಿಯಿರಿ. ನಮ್ಮ ಟಿಪ್ಪಣಿ, ಆಕ್ಷೇಪಣೆಯ ಪತ್ರ, ನಿರ್ದೇಶಕರ ಭಿನ್ನಾಭಿಪ್ರಾಯ ಮೂರೂ ಕಚೇರಿಯ ಕಡತದಲ್ಲಿವೆ. ಕೆಲಸದ ದಿನಗಳಲ್ಲಿ ಕಾರ್ಯದರ್ಶಿಗಳನ್ನು ಕೇಳಿ ಯಾವ ಸದಸ್ಯರೂ ಓದಬಹುದು.