ತುಟಿ ಸಿಪ್ಪೆ ಏಳುತ್ತಿದೆಯೇ? ಮೊದಲು ಸ್ಕ್ರಬ್ ಡಬ್ಬಿ ಮುಚ್ಚಿಡಿ

ಒಂದು ಚಮಚ ಸಕ್ಕರೆ, ಅರ್ಧ ಚಮಚ ಜೇನು, ಎರಡು ಹನಿ ನಿಂಬೆರಸ. ಚಳಿ ಶುರುವಾಯಿತೆಂದರೆ ಈ ಲಿಪ್ ಸ್ಕ್ರಬ್ ಫೋನಿನಿಂದ ಫೋನಿಗೆ ಓಡಾಡುತ್ತದೆ. ಹಚ್ಚಿ, ಉಜ್ಜಿ, ತೊಳೆದರೆ ತುಟಿ ನುಣುಪಾಗಿ ಕೆಂಪಗೆ ಕಾಣುವುದೂ ನಿಜ. ಆದರೆ ಆ ಕೆಂಪು, ಉಜ್ಜಿದ ಜಾಗಕ್ಕೆ ರಕ್ತ ನುಗ್ಗಿದ್ದರಿಂದ ಬಂದದ್ದು. ನುಣುಪು, ಮೇಲ್ಪದರ ಕಿತ್ತುಹೋದದ್ದರಿಂದ. ಒಂದೆರಡು ದಿನದಲ್ಲಿ ಮತ್ತೆ ಸಿಪ್ಪೆ ಏಳುತ್ತದೆ, ಮತ್ತೆ ಉಜ್ಜುತ್ತೇವೆ.

ತುಟಿಯ ಕೆಂಪು ಭಾಗದ ಚರ್ಮ ಕೆನ್ನೆಯದರಂತಲ್ಲ. ಒಳಗಿನ ನೀರನ್ನು ಹಿಡಿದಿಡುವ ಹೊರಪದರ ಅಲ್ಲಿ ಬಹಳ ತೆಳು. ಬೆವರಿನ ಗ್ರಂಥಿಗಳಿಲ್ಲ, ಎಣ್ಣೆ ಸುರಿಸುವ ಗ್ರಂಥಿಗಳೂ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಮುಖದ ಬೇರೆ ಭಾಗಕ್ಕಿಂತ ತುಟಿಯಿಂದ ನೀರು ಬೇಗ ಆರಿಹೋಗುತ್ತದೆ. ಸಕ್ಕರೆಯ ಹರಳಿನಿಂದ ಇರುವ ಪದರವನ್ನೂ ಕೆರೆದು ತೆಗೆದರೆ, ದೇಹ ಗಾಯ ಮುಚ್ಚುವ ಅವಸರದಲ್ಲಿ ಹೊಸ ಕೋಶಗಳನ್ನು ಮೇಲಕ್ಕೆ ತಳ್ಳುತ್ತದೆ. ಪೂರ್ತಿ ಬಲಿಯದ ಆ ಕೋಶಗಳು ಒಂದೊಂದಾಗಿ ಕಾಣದಂತೆ ಉದುರುವ ಬದಲು ಗುಂಪಾಗಿ ಅಂಟಿಕೊಂಡು ಸಿಪ್ಪೆಯಾಗಿ ಏಳುತ್ತವೆ. ಕೊಳೆ ಎಂದುಕೊಂಡು ನಾವು ಉಜ್ಜುತ್ತಿರುವುದು ಹಿಂದಿನ ಸಲದ ಉಜ್ಜಾಟದ ಫಲವನ್ನೇ. ನಮ್ಮಂಥ ಕಂದು ಮೈಬಣ್ಣದವರಿಗೆ ಇನ್ನೊಂದು ತೊಂದರೆಯಿದೆ: ಕೆರಳಿದ ಚರ್ಮ ಶಾಂತವಾದ ಮೇಲೂ ಅಲ್ಲಿ ಕಪ್ಪು ಉಳಿದುಬಿಡಬಹುದು. ತುಟಿ ಬೆಳ್ಳಗಾಗಲೆಂದು ಉಜ್ಜಿದವರ ತುಟಿಯೇ ಕಪ್ಪಾಗುವುದು ಹೀಗೆ.

ಬರೀ ಒಣಗಿದ ತುಟಿ ಯಾವುದು, ಉಜ್ಜಿ ಕೆಟ್ಟ ತುಟಿ ಯಾವುದು ಎಂದು ಊಟದ ಹೊತ್ತಿನಲ್ಲಿ ತಿಳಿಯುತ್ತದೆ. ಒಣಗಿದ್ದಷ್ಟೇ ಆದರೆ ಬಾಮ್ ಹಚ್ಚಿದ ಕೂಡಲೇ ಹಾಯೆನಿಸುತ್ತದೆ. ಉಜ್ಜಿ ಕೆಟ್ಟಿದ್ದರೆ ಸಾರು, ಉಪ್ಪಿನಕಾಯಿ ತಾಗಿದಾಗ ಚುರುಗುಟ್ಟುತ್ತದೆ. ನಿನ್ನೆಯವರೆಗೆ ಒಗ್ಗಿದ್ದ ಬಾಮೂ ಉರಿಯುತ್ತದೆ. ತುಟಿ ಬಿಗಿದುಕೊಂಡು, ಒಂದು ಬಗೆಯ ತೆಳು ಹೊಳಪು ಬಂದಿರುತ್ತದೆ. ಅದು ಆರೋಗ್ಯದ ಹೊಳಪಲ್ಲ.

ಹುಬ್ಬಳ್ಳಿಯ ಮದುಮಗಳೊಬ್ಬಳನ್ನು ಊಹಿಸಿಕೊಳ್ಳಿ. ಜನವರಿಯಲ್ಲಿ ಮದುವೆ, ಕೈಯಲ್ಲಿರುವುದು ಮೂರು ವಾರ. ದಿನಾ ರಾತ್ರಿ ಸ್ಕ್ರಬ್, ಬೆಳಿಗ್ಗೆ ಪುದೀನ ಪರಿಮಳದ ತಂಪು ಬಾಮ್, ಮೇಲೆ ಮ್ಯಾಟ್ ಲಿಪ್‌ಸ್ಟಿಕ್. ಕೆಳತುಟಿಯ ನಡುವೆ ಸೀಳು ಬಿಟ್ಟಿದೆ. ಅವಳು ಮಾಡಬೇಕಾದದ್ದು ಹೀಗೆ.

ಮೊದಲ ವಾರ ಎಲ್ಲವೂ ಬಂದ್. ಸ್ಕ್ರಬ್ ಇಲ್ಲ, ನಿಂಬೆ ಇಲ್ಲ, ಲಿಪ್‌ಸ್ಟಿಕ್ ಇಲ್ಲ, ತಣ್ಣಗೆನಿಸುವ ಬಾಮೂ ಇಲ್ಲ. ಮೆಂಥಾಲ್, ಕರ್ಪೂರ, ದಾಲ್ಚಿನ್ನಿ ಎಣ್ಣೆ ಇರುವ ಬಾಮ್ ಹಚ್ಚಿದಾಗ ಆಗುವ ಜುಮ್ಮೆನ್ನುವ ಅನುಭವವನ್ನು ‘ಕೆಲಸ ಮಾಡ್ತಿದೆ’ ಎಂದು ಭಾವಿಸುತ್ತೇವೆ. ಕೆರಳಿದ ತುಟಿಗೆ ಅದು ಇನ್ನಷ್ಟು ಕಿರಿಕಿರಿ. ಹಚ್ಚಬೇಕಾದದ್ದು ಪರಿಮಳವಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿ ಒಂದೇ. ಊಟ ಮಾಡಿ ಬಾಯಿ ತೊಳೆದ ಮೇಲೆ, ಮುಖ ತೊಳೆದ ಮೇಲೆ, ಹೊರಗೆ ಹೋಗುವ ಮುಂಚೆ ತೆಳುವಾಗಿ, ಮಲಗುವಾಗ ದಪ್ಪವಾಗಿ. ಎದ್ದ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಬಾರದು, ಉಗುರಿನಿಂದ ಎಳೆಯಬಾರದು. ಅದರ ಒಂದು ತುದಿ ಇನ್ನೂ ಹಸಿ ಚರ್ಮಕ್ಕೆ ಅಂಟಿರುತ್ತದೆ, ಎಳೆದರೆ ರಕ್ತ ಬರುತ್ತದೆ. ತೀರಾ ಕಿರಿಕಿರಿಯಾದರೆ ಚಿಕ್ಕ ಕತ್ತರಿಯಿಂದ ನೇತಾಡುವಷ್ಟನ್ನೇ ಕತ್ತರಿಸಬಹುದು.

ತುಟಿ ಸವರಿಕೊಳ್ಳುವ ಚಟ ಬಿಡುವುದು ಎಲ್ಲಕ್ಕಿಂತ ಕಷ್ಟ. ಎಂಜಲು ಆರುವಾಗ ಇದ್ದ ತೇವವನ್ನೂ ಒಯ್ಯುತ್ತದೆ, ಅದರಲ್ಲಿರುವ ಜೀರ್ಣರಸಗಳು ಬಿರಿದ ಚರ್ಮವನ್ನು ಕೆರಳಿಸುತ್ತವೆ. ಹಣ್ಣಿನ ರುಚಿಯ ಬಾಮ್‌ಗಳು ಈ ಚಟಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತವೆ.

ಎರಡನೇ ವಾರ, ಊಟದಲ್ಲಿ ಚುರುಗುಟ್ಟುವುದು ನಿಂತಿದ್ದರೆ ಮಾತ್ರ, ಲಿಪ್ ಮಾಸ್ಕ್ ಸೇರಿಸಬಹುದು. ಇದರಲ್ಲಿ ಎರಡು ಬಗೆ. ತುಟಿಯಾಕಾರದ ಜೆಲ್ ಹಾಳೆ ಒಂದು. ಅದರಲ್ಲಿ ಹೆಚ್ಚಿನದು ನೀರು ಮತ್ತು ಗ್ಲಿಸರಿನ್. ಹದಿನೈದು ನಿಮಿಷ ಇಟ್ಟು ತೆಗೆದಾಗ ತುಟಿ ಉಬ್ಬಿ ಚೆನ್ನಾಗಿ ಕಾಣುತ್ತದೆ. ಹಾಗೇ ಬಿಟ್ಟರೆ ಆ ತೇವ ಸ್ವಲ್ಪ ಹೊತ್ತಿನಲ್ಲೇ ಆರುತ್ತದೆ, ಆದ್ದರಿಂದ ತೆಗೆದ ತಕ್ಷಣ ಮೇಲೆ ಜೆಲ್ಲಿ ಹಚ್ಚಲೇಬೇಕು. ಇನ್ನೊಂದು, ರಾತ್ರಿಯಿಡೀ ಬಿಡುವ ಡಬ್ಬಿಯ ಮಾಸ್ಕ್. ನಿಜ ಹೇಳಬೇಕೆಂದರೆ ಇದು ದಪ್ಪಗಿನ ಬಾಮ್, ಅಷ್ಟೇ. ರಾತ್ರಿ ತಿನ್ನುವುದು, ಕುಡಿಯುವುದು, ಮಾತಾಡುವುದು ಇಲ್ಲದ್ದರಿಂದ ಹಚ್ಚಿದ್ದು ಹೆಚ್ಚು ಹೊತ್ತು ನಿಲ್ಲುತ್ತದೆ. ಬಾಯಿ ತೆರೆದು ಮಲಗುವವರಿಗಂತೂ ಬಹಳ ಉಪಯೋಗ. ಮುಖ ತೊಳೆದು, ತುಟಿ ಇನ್ನೂ ಸ್ವಲ್ಪ ಒದ್ದೆಯಿರುವಾಗ, ಕಡಲೆಕಾಳಿನಷ್ಟು ತೆಗೆದುಕೊಂಡು ತುಟಿಯ ಅಂಚು ದಾಟುವಂತೆ ಹಚ್ಚಿದರೆ ಸಾಕು. ಡಬ್ಬಿಗೆ ಬೆರಳು ಅದ್ದುವ ಬದಲು ಚಿಕ್ಕ ಚಮಚ ಬಳಸಿ.

ಕೊಳ್ಳುವಾಗ ಡಬ್ಬಿಯ ಹಿಂಭಾಗ ಓದಿ. ಹೆಚ್ಚು ಇರುವ ಪದಾರ್ಥದ ಹೆಸರು ಮೊದಲು ಬರುತ್ತದೆ. ನೀರು ಹೊರಹೋಗದಂತೆ ಮುಚ್ಚುವ ಪೆಟ್ರೊಲೇಟಮ್, ಲ್ಯಾನೋಲಿನ್, ಜೇನುಮೇಣ, ಡೈಮೆಥಿಕೋನ್ ಇವುಗಳಲ್ಲಿ ಒಂದಾದರೂ ಮೇಲಿನ ಸಾಲಿನಲ್ಲಿರಲಿ. ಚರ್ಮವನ್ನು ಮೆದುವಾಗಿಸಲು ಶಿಯಾ ಬೆಣ್ಣೆ ಅಥವಾ ಸೆರಮೈಡ್ ಇದ್ದರೆ ಒಳ್ಳೆಯದು. ಗ್ಲಿಸರಿನ್, ಹೈಅಲುರಾನಿಕ್ ಆಸಿಡ್ ನೀರನ್ನು ಎಳೆದು ಹಿಡಿಯುತ್ತವೆ, ಆದರೆ ಮೇಲೆ ಮುಚ್ಚಳವಿಲ್ಲದೆ ಒಣಹವೆಯಲ್ಲಿ, ಎಸಿ ಕೋಣೆಯಲ್ಲಿ ಅವುಗಳನ್ನೇ ನಂಬಿ ಕೂರಬೇಡಿ. ಲ್ಯಾನೋಲಿನ್, ಜೇನುಮೇಣ ಕೆಲವರಿಗೆ ಅಲರ್ಜಿ ತರುವುದುಂಟು. ಹೊಸದನ್ನು ಮೊದಲು ಮೊಣಕೈ ಒಳಮಗ್ಗುಲಲ್ಲಿ ಕೆಲವು ದಿನ ಹಚ್ಚಿ ನೋಡಿ. ಮನೆಯ ತುಪ್ಪ? ಧಾರಾಳವಾಗಿ ಹಚ್ಚಬಹುದು. ಜೆಲ್ಲಿಯಷ್ಟು ಹೊತ್ತು ನಿಲ್ಲದು, ಇರುವೆಗೂ ದಿಂಬಿಗೂ ಇಷ್ಟವಾಗುತ್ತದೆ ಎನ್ನುವುದಷ್ಟೇ ತಕರಾರು.

ಮೂರನೇ ವಾರ ಸೀಳು ಪೂರ್ತಿ ಕೂಡಿದ್ದರೆ ಒಮ್ಮೆ, ಒಮ್ಮೆ ಮಾತ್ರ, ಸಿಪ್ಪೆ ತೆಗೆಯಬಹುದು. ಅದಕ್ಕೆ ಸ್ಕ್ರಬ್ ಬೇಕಿಲ್ಲ. ಜೆಲ್ಲಿ ದಪ್ಪಗೆ ಹಚ್ಚಿ ಹತ್ತು ನಿಮಿಷ ಬಿಡಿ. ಹಳೆಯ ಹತ್ತಿಬಟ್ಟೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿ, ಭಾರ ಹಾಕದೆ ನಾಲ್ಕೈದು ಸಲ ಒರೆಸಿ. ಬಿಡುವಷ್ಟು ಬಿಡಲಿ, ಅಂಟಿರುವುದು ಇರಲಿ. ಸ್ಕ್ರಬ್ಬೇ ಬೇಕೆನ್ನುವವರು ಸಕ್ಕರೆಯನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ, ಅದು ಮುಳುಗುವಷ್ಟು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹತ್ತು ಸೆಕೆಂಡಿಗಿಂತ ಹೆಚ್ಚು ಆಡಿಸಬಾರದು. ಅದೂ ವಾರಕ್ಕೊಮ್ಮೆಗಿಂತ ಹೆಚ್ಚು ಬೇಡ. ಸೀಳು, ಉರಿ, ನೀರುಗುಳ್ಳೆ ಇದ್ದಾಗ ಬೇಡವೇ ಬೇಡ. ನಮ್ಮ ಮದುಮಗಳು ಇದನ್ನು ಮುಹೂರ್ತಕ್ಕೆ ಎರಡು ದಿನ ಮುಂಚೆ ಮುಗಿಸಬೇಕು, ಹಿಂದಿನ ರಾತ್ರಿಯಲ್ಲ. ಮದುವೆಯ ದಿನ ಮೇಕಪ್ ಶುರುವಾದಾಗಲೇ ಜೆಲ್ಲಿ ಹಚ್ಚಿ, ಕೊನೆಗೆ ಒರೆಸಿ ಲಿಪ್‌ಸ್ಟಿಕ್. ಮ್ಯಾಟ್ ಬೇಡ, ಕ್ರೀಮ್ ಇರಲಿ.

ಎರಡು ಮೂರು ವಾರ ಇಷ್ಟೆಲ್ಲ ಮಾಡಿಯೂ ವಾಸಿಯಾಗದಿದ್ದರೆ ಬೇರೆ ಕಡೆ ಹುಡುಕಬೇಕು. ಟೂತ್‌ಪೇಸ್ಟಿನ ಪರಿಮಳ ಅಥವಾ ಲಿಪ್‌ಸ್ಟಿಕ್ಕಿನ ಅಲರ್ಜಿ ಇರಬಹುದು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿದ್ದರೆ ತುಟಿ ಒಣಗುವುದು ಅದರ ಗೊತ್ತಿರುವ ಅಡ್ಡಪರಿಣಾಮ. ಬಾಯಿಯ ಮೂಲೆಗಳಲ್ಲಷ್ಟೇ ಸೀಳಿದರೆ ಶಿಲೀಂಧ್ರದ ಸೋಂಕೋ ಕಬ್ಬಿಣಾಂಶ, ಬಿ ವಿಟಮಿನ್ ಕೊರತೆಯೋ ಇರಬಹುದು. ಬಾಮ್ ಅದಕ್ಕೆ ಮದ್ದಲ್ಲ. ಬಿಸಿಲಲ್ಲಿ ದುಡಿಯುವವರು, ತಂಬಾಕು ಬಳಸುವವರು ಕೆಳತುಟಿಯಲ್ಲಿ ಒಂದೇ ಜಾಗ ಒರಟಾಗಿ, ಬಿಳಿಚಿ, ವಾಸಿಯಾಗದೆ ಉಳಿದರೆ ಯಾವ ಮಾಸ್ಕನ್ನೂ ಹಚ್ಚದೆ ಚರ್ಮದ ಡಾಕ್ಟರಿಗೆ ತೋರಿಸಬೇಕು.